ಬುಲೆಟ್ ಟ್ಯಾಂಕಿನ ಹೊಟ್ಟೆಯ ಲೆಕ್ಕ

ಮಂಗಳೂರಿನಿಂದ ಶಿರಾಡಿ ಘಾಟಿ ಹತ್ತಿ ಬರುವ ಅಡುಗೆ ಅನಿಲದ ಟ್ಯಾಂಕರುಗಳನ್ನು ನೋಡದವರು ಆ ದಾರಿಯಲ್ಲಿ ಓಡಾಡಿಲ್ಲ ಎಂದೇ ಹೇಳಬೇಕು. ಉದ್ದನೆಯ ದುಂಡು ಟ್ಯಾಂಕು, ಎರಡೂ ತುದಿ ಉಬ್ಬಿಕೊಂಡು ನುಣ್ಣಗೆ ಮುಗಿದಿರುತ್ತವೆ. ಸಿಲಿಂಡರಿಗೆ ಅನಿಲ ತುಂಬುವ ಘಟಕಗಳಲ್ಲಿ, ದೊಡ್ಡ ಕಾರ್ಖಾನೆಗಳ ಹಿತ್ತಲಲ್ಲಿ ಇಂಥವೇ ಟ್ಯಾಂಕುಗಳು ಕಾಂಕ್ರೀಟ್ ಕಟ್ಟೆಗಳ ಮೇಲೆ ಅಡ್ಡಲಾಗಿ ಮಲಗಿರುತ್ತವೆ. ಅಲ್ಲಿ ಕೆಲಸ ಮಾಡುವವರು ಇದನ್ನು ಕರೆಯುವುದು ಬುಲೆಟ್ ಎಂದು. ಔಷಧದ ಕ್ಯಾಪ್ಸೂಲನ್ನೇ ಸಾವಿರಾರು ಪಟ್ಟು ಹಿಗ್ಗಿಸಿದ ಆಕಾರ ಅದು: ನಡುವೆ ಸಿಲಿಂಡರ್, ಎರಡು ತುದಿಗೆ ಒಂದೊಂದು ಅರ್ಧಗೋಳ.

ಈ ಟ್ಯಾಂಕಿನ ಒಳಗೆ ಎಷ್ಟು ಹಿಡಿಯುತ್ತದೆ ಎಂದು ತಿಳಿಯಲು ಎರಡೇ ಅಳತೆ ಸಾಕು. ಒಂದು ತುದಿಯಿಂದ ಇನ್ನೊಂದು ತುದಿಯವರೆಗಿನ ಒಟ್ಟು ಉದ್ದ ಒಂದು, ತ್ರಿಜ್ಯ ಇನ್ನೊಂದು. ಅರ್ಧಗೋಳದ ಆಳ ಎಷ್ಟು ಎಂದು ಬೇರೆಯಾಗಿ ಕೇಳಬೇಕಿಲ್ಲ, ಏಕೆಂದರೆ ಅರ್ಧಗೋಳದ ಆಳ ಅದರ ತ್ರಿಜ್ಯದಷ್ಟೇ ಇರುತ್ತದೆ. ಹೀಗೆ ಸುಲಭವಾಗಿ ಕಾಣುವ ಈ ಲೆಕ್ಕದಲ್ಲಿ ಜನ ಮತ್ತೆ ಮತ್ತೆ ಎಡವುವ ಜಾಗ ಒಂದಿದೆ. ಅದು ‘ಒಟ್ಟು ಉದ್ದ’ ಎಂಬ ಅಳತೆಯಲ್ಲೇ ಇದೆ.

ಹತ್ತನೇ ತರಗತಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದಲ್ಲಿ ಗುಲಾಬ್ ಜಾಮೂನಿನ ಒಂದು ಪ್ರಶ್ನೆಯಿದೆ. ಒಂದೊಂದು ಜಾಮೂನಿನ ಉದ್ದ 5 ಸೆಂಟಿಮೀಟರ್, ವ್ಯಾಸ 2.8 ಸೆಂಟಿಮೀಟರ್, ತುದಿಗಳು ಅರ್ಧಗೋಳ. ಜಾಮೂನಿನ ಘನಫಲದಲ್ಲಿ ಶೇ. 30ರಷ್ಟು ಪಾಕ ಇದ್ದರೆ 45 ಜಾಮೂನುಗಳಲ್ಲಿ ಎಷ್ಟು ಪಾಕ ಇರುತ್ತದೆ ಎಂಬುದು ಪ್ರಶ್ನೆ. ಮಕ್ಕಳು ಇಲ್ಲಿ ಮಾಡುವ ತಪ್ಪು ಸಾಮಾನ್ಯವಾಗಿ ಒಂದೇ. 5 ಸೆಂಟಿಮೀಟರನ್ನು ಪೂರ್ತಿಯಾಗಿ ಸಿಲಿಂಡರಿನ ಉದ್ದವೆಂದು ಹಿಡಿದು, ಅದರ ಮೇಲೆ ಎರಡು ಅರ್ಧಗೋಳಗಳನ್ನೂ ಕೂಡಿಸಿಬಿಡುತ್ತಾರೆ. ಆದರೆ ಆ 5 ಸೆಂಟಿಮೀಟರಿನೊಳಗೆ ಎರಡು ತುದಿಗಳ ಉಬ್ಬೂ ಸೇರಿಕೊಂಡಿದೆ. ಅವೆರಡಕ್ಕೆ 1.4ರಂತೆ 2.8 ಸೆಂಟಿಮೀಟರ್ ಕಳೆದರೆ ನಡುವಿನ ಸಿಲಿಂಡರಿಗೆ ಉಳಿಯುವುದು 2.2 ಸೆಂಟಿಮೀಟರ್ ಮಾತ್ರ. ಹೀಗೆ ಮಾಡಿದರೆ ಒಂದು ಜಾಮೂನು ಸುಮಾರು 25 ಘನ ಸೆಂಟಿಮೀಟರ್ ಆಗುತ್ತದೆ, 45 ಜಾಮೂನುಗಳ ಪಾಕ ಸುಮಾರು 338 ಘನ ಸೆಂಟಿಮೀಟರ್. ಜಾಮೂನಿನಲ್ಲಿ ಲೆಕ್ಕ ತಪ್ಪಿದರೆ ಹೋಗುವುದು ಅಂಕ. ಅನಿಲದ ಬುಲೆಟ್ಟಿನಲ್ಲಿ ಅದೇ ತಪ್ಪು ಆದರೆ ಏನಾಗುತ್ತದೆ ಎಂಬುದನ್ನು ಮುಂದೆ ನೋಡೋಣ.

ಮೊದಲು ಸೂತ್ರ. ಒಟ್ಟು ಉದ್ದವನ್ನು L ಎಂದೂ ತ್ರಿಜ್ಯವನ್ನು r ಎಂದೂ ಕರೆಯೋಣ. ನಡುವಿನ ಸಿಲಿಂಡರಿನ ಉದ್ದ L − 2r. ಎರಡು ಅರ್ಧಗೋಳ ಜೋಡಿಸಿದರೆ ಒಂದು ಪೂರ್ಣ ಗೋಳ. ಹಾಗಾಗಿ ಒಟ್ಟು ಘನಫಲ ಇಷ್ಟು:

V = πr²(L − 2r) + (4/3)πr³

ಶಾಲೆಯಲ್ಲಿ ಇಲ್ಲಿಗೆ ನಿಲ್ಲಿಸುತ್ತಾರೆ. ಇನ್ನೊಂದು ಹೆಜ್ಜೆ ಮುಂದಿಟ್ಟು ಎರಡು ಭಾಗಗಳನ್ನೂ ಒಟ್ಟು ಮಾಡಿದರೆ ಸೂತ್ರ ಚಿಕ್ಕದಾಗುವುದಷ್ಟೇ ಅಲ್ಲ, ಅದರ ಅರ್ಥವೂ ಕಣ್ಣಿಗೆ ಕಾಣುತ್ತದೆ:

V = πr²(L − 2r/3)

ಅಂದರೆ ಬುಲೆಟ್ ಟ್ಯಾಂಕು ಅದೇ ದಪ್ಪದ, ಚಪ್ಪಟೆ ತುದಿಯ ಸಿಲಿಂಡರಿನ ಹಾಗೆಯೇ, ಆದರೆ ಉದ್ದ ಮಾತ್ರ ಸ್ವಲ್ಪ ಕಡಿಮೆ. ಎಷ್ಟು ಕಡಿಮೆ ಎಂದರೆ ಒಂದೊಂದು ತುದಿಗೆ ತ್ರಿಜ್ಯದ ಮೂರನೇ ಒಂದು ಭಾಗ. ಈ ಮೂರನೇ ಒಂದು ಭಾಗ ಎಲ್ಲಿಂದ ಬಂತು ಎಂಬುದು ಆರ್ಕಿಮಿಡಿಸ್ ಸಾಧಿಸಿ ತೋರಿಸಿದ ವಿಷಯ. ಒಂದು ಗೋಳವನ್ನು ಸರಿಯಾಗಿ ಹಿಡಿಸುವ ಸಿಲಿಂಡರಿನೊಳಗೆ ಇಟ್ಟರೆ, ಗೋಳ ತುಂಬುವುದು ಆ ಸಿಲಿಂಡರಿನ ಮೂರರಲ್ಲಿ ಎರಡು ಭಾಗವನ್ನು. ಮೂಲೆಗಳಲ್ಲಿ ಖಾಲಿ ಉಳಿಯುವುದು ಮೂರರಲ್ಲಿ ಒಂದು. ನಮ್ಮ ಟ್ಯಾಂಕಿನ ಒಂದು ತುದಿಯಲ್ಲಿ r ಉದ್ದದ ಜಾಗವನ್ನು ಅರ್ಧಗೋಳ ಆಕ್ರಮಿಸಿದೆ, ಅದರಲ್ಲಿ ಮೂರನೇ ಒಂದು ಭಾಗ ವ್ಯರ್ಥ, ಅಂದರೆ r/3 ಉದ್ದದಷ್ಟು ನಷ್ಟ. ಎರಡು ತುದಿಗೆ 2r/3. ಈ ಫಲಿತಾಂಶ ಆರ್ಕಿಮಿಡಿಸನಿಗೆ ಎಷ್ಟು ಪ್ರಿಯವಾಗಿತ್ತೆಂದರೆ ತನ್ನ ಸಮಾಧಿಯ ಮೇಲೆ ಸಿಲಿಂಡರಿನೊಳಗಿನ ಗೋಳದ ಆಕೃತಿಯನ್ನೇ ಕೆತ್ತಿಸಬೇಕೆಂದು ಬಯಸಿದ್ದನಂತೆ. ರೋಮಿನ ಸಿಸೆರೊ ಸಿರಕ್ಯೂಸಿನಲ್ಲಿ ಮುಳ್ಳುಪೊದೆಗಳ ನಡುವೆ ಆ ಸಮಾಧಿಯನ್ನು ಗುರುತಿಸಿದ್ದು ಆ ಕೆತ್ತನೆ ನೋಡಿಯೇ.

ನಮ್ಮ ನೆಲದಲ್ಲೂ ಗೋಳದ ಘನಫಲಕ್ಕೆ ಲೆಕ್ಕ ಹಾಕಿದವರಿದ್ದಾರೆ. ನೃಪತುಂಗ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದ ನಡುವಿನಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ವನ್ನು ಬರೆದ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅವನು ಗೋಳಕ್ಕೆ ಎರಡು ನಿಯಮ ಕೊಡುತ್ತಾನೆ. ವ್ಯಾಸದ ಅರ್ಧವನ್ನು ಘನ ಮಾಡಿ, ಅದನ್ನು ಅರ್ಧಿಸಿ, ಒಂಬತ್ತರಿಂದ ಗುಣಿಸಿದರೆ ಸ್ಥೂಲವಾದ ಉತ್ತರ. ಅದನ್ನು ಮತ್ತೆ ಒಂಬತ್ತರಿಂದ ಗುಣಿಸಿ ಹತ್ತರಿಂದ ಭಾಗಿಸಿದರೆ ಸೂಕ್ಷ್ಮವಾದ ಉತ್ತರ. ಇಂದಿನ ಬರವಣಿಗೆಯಲ್ಲಿ ಹೇಳುವುದಾದರೆ ಒಂದು 4.5r³, ಇನ್ನೊಂದು 4.05r³. ನಿಜವಾದ ಬೆಲೆ 4.19r³ಕ್ಕೆ ಹತ್ತಿರ. ಸೂಕ್ಷ್ಮ ನಿಯಮದಲ್ಲಿ ಶೇ. 3ಕ್ಕಿಂತ ಸ್ವಲ್ಪ ಹೆಚ್ಚು ಕೊರತೆ ಇದೆ. ಬುಲೆಟ್ ಟ್ಯಾಂಕಿನಲ್ಲಿ ಗೋಳದ ಪಾಲು ಚಿಕ್ಕದು, ಹೆಚ್ಚಿನ ಭಾಗ ಸಿಲಿಂಡರಿನದು. ಅದರಿಂದ ಮಹಾವೀರಾಚಾರ್ಯನ ಸೂಕ್ಷ್ಮ ನಿಯಮವನ್ನು ತುದಿಗಳಿಗೆ ಬಳಸಿದರೂ ಮುಂದೆ ನೋಡಲಿರುವ ನಮ್ಮ ಟ್ಯಾಂಕಿನಲ್ಲಿ ಒಟ್ಟು ಉತ್ತರ ಶೇ. 1ರಷ್ಟೂ ಕೆಡುವುದಿಲ್ಲ. ನಮ್ಮ ಕಾಲದವರು ಒಟ್ಟು ಉದ್ದವನ್ನು ತಪ್ಪಾಗಿ ಹಿಡಿದು ಮಾಡಿಕೊಳ್ಳುವ ತಪ್ಪು ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇಷ್ಟಕ್ಕೂ ತುದಿಗಳನ್ನು ಹೀಗೆ ಉಬ್ಬಿಸಿ, ಜಾಗ ಕಳೆದುಕೊಂಡು ಏಕೆ ಮಾಡಬೇಕು? ಒಳಗಿನ ಒತ್ತಡವೇ ಕಾರಣ. ದ್ರವವಾಗಿರುವ ಅಡುಗೆ ಅನಿಲ ತನ್ನ ಆವಿಯಿಂದ ಗೋಡೆಗಳನ್ನು ಎಲ್ಲ ಕಡೆಗೂ ಒತ್ತುತ್ತಿರುತ್ತದೆ. ಚಪ್ಪಟೆ ತುದಿ ಹಾಕಿದರೆ ಆ ಒತ್ತಡಕ್ಕೆ ಅದು ಬಾಗುತ್ತದೆ, ಬಾಗದಂತೆ ಮಾಡಲು ತುಂಬ ದಪ್ಪದ ಉಕ್ಕು ಬೇಕು. ಗೋಳದ ಗೋಡೆಯಲ್ಲಿ ಎಳೆತ ಎಲ್ಲ ದಿಕ್ಕಿಗೂ ಸಮನಾಗಿ ಹಂಚಿಹೋಗುತ್ತದೆ. ಒಂದೇ ತ್ರಿಜ್ಯ, ಒಂದೇ ಒತ್ತಡ ಇದ್ದಾಗ ಸಿಲಿಂಡರಿನ ಗೋಡೆಯಲ್ಲಿ ಬೀಳುವ ಎಳೆತದ ಅರ್ಧದಷ್ಟು ಮಾತ್ರ ಗೋಳದ ಗೋಡೆಯಲ್ಲಿ ಬೀಳುತ್ತದೆ. ಅದಕ್ಕೇ ಅರ್ಧಗೋಳದ ತುದಿಯನ್ನು ನಡುವಿನ ಶೆಲ್ಲಿಗಿಂತ ತೆಳುವಾದ ಪ್ಲೇಟಿನಲ್ಲಿ ಮಾಡಬಹುದು. ಈ ದಪ್ಪದ ವ್ಯತ್ಯಾಸ ಅಳತೆ ಮಾಡುವಾಗಲೂ ನೆನಪಿರಬೇಕಾದದ್ದು.

ಈಗ ಒಂದು ಟ್ಯಾಂಕನ್ನು ಹತ್ತಿರದಿಂದ ಅಳೆಯೋಣ. ಕಟ್ಟೆಗಳ ಮೇಲೆ ಮಲಗಿರುವ ಬುಲೆಟ್, ನಡುವಿನ ಶೆಲ್ಲಿನ ಪ್ಲೇಟು 16 ಮಿಲಿಮೀಟರ್, ತುದಿಗಳದು 10 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಪ್ಲೇಟಿನ ದಪ್ಪ ನಕ್ಷೆಯಲ್ಲಿ ಇರುತ್ತದೆ. ಇಲ್ಲದಿದ್ದರೆ ಹೊರಗಿನಿಂದಲೇ ಶಬ್ದದ ಅಲೆ ಕಳಿಸಿ ದಪ್ಪ ಹೇಳುವ ಪುಟ್ಟ ಉಪಕರಣದಿಂದ ತಿಳಿಯಬಹುದು.

ಉದ್ದ ಅಳೆಯಲು ಟ್ಯಾಂಕಿನ ಮೈಮೇಲೆ ಟೇಪು ಹಾಸಬಾರದು. ಮೈಮೇಲೆ ಹಾಸಿದರೆ ತುದಿಯ ಉಬ್ಬಿನ ಗುಂಟ ಟೇಪು ಬಾಗಿ ಹೆಚ್ಚು ತೋರಿಸುತ್ತದೆ. ಎರಡೂ ತುದಿಗಳ ಅತಿ ಹೊರಗಿನ ಬಿಂದುವಿನಿಂದ ತೂಕದ ಗುಂಡು, ಅಂದರೆ ಗಾರೆ ಕೆಲಸದವರು ಬಳಸುವ ತೂಗುಗುಂಡನ್ನು, ಇಳಿಬಿಟ್ಟು ನೆಲದ ಮೇಲೆ ಎರಡು ಗುರುತು ಹಾಕಿ ಅವುಗಳ ನಡುವಿನ ದೂರ ಅಳೆಯಬೇಕು. ನಮಗೆ 9.02 ಮೀಟರ್ ಬಂತು ಎನ್ನೋಣ. ಎರಡು ತುದಿಗಳ ಪ್ಲೇಟಿನ ದಪ್ಪ 10 ಮಿಲಿಮೀಟರಿನಂತೆ ಕಳೆದರೆ ಒಳಗಿನ ಒಟ್ಟು ಉದ್ದ 9 ಮೀಟರ್.

ತ್ರಿಜ್ಯಕ್ಕೆ ಇನ್ನೂ ಎಚ್ಚರ ಬೇಕು. ಎದುರು ನಿಂತು ವ್ಯಾಸವನ್ನು ನೇರವಾಗಿ ಅಳೆಯುವ ಆಸೆ ಆಗುತ್ತದೆ, ಆದರೆ ದುಂಡು ಮೈಯ ಎರಡು ಅಂಚು ಸರಿಯಾಗಿ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ಅದರ ಬದಲು ಉಕ್ಕಿನ ಟೇಪನ್ನು ಟ್ಯಾಂಕಿನ ಹೊಟ್ಟೆಯ ಸುತ್ತ, ವೆಲ್ಡಿಂಗ್ ಉಬ್ಬು ಇಲ್ಲದ ಕಡೆ, ಬಿಗಿಯಾಗಿ ಸುತ್ತಿ ಸುತ್ತಳತೆ ತೆಗೆದುಕೊಳ್ಳಬೇಕು. ಟೇಪು ಓರೆಯಾಗಬಾರದು. ಸುತ್ತಳತೆ 7.64 ಮೀಟರ್ ಬಂತು. 2π ಎಂದರೆ 6.2832ರಿಂದ ಭಾಗಿಸಿದರೆ 1.216 ಮೀಟರ್, ಅದು ಹೊರಗಿನ ತ್ರಿಜ್ಯ. ಶೆಲ್ಲಿನ 16 ಮಿಲಿಮೀಟರ್ ಕಳೆದರೆ ಒಳಗಿನ ತ್ರಿಜ್ಯ 1.2 ಮೀಟರ್.

ಇನ್ನು ಲೆಕ್ಕ ಸಲೀಸು. 1.2ರ ವರ್ಗ 1.44, ಅದನ್ನು πಯಿಂದ ಗುಣಿಸಿದರೆ 4.524 ಚದರ ಮೀಟರ್. ತ್ರಿಜ್ಯದ ಮೂರನೇ ಎರಡು ಭಾಗ 0.8 ಮೀಟರ್. ಒಟ್ಟು ಉದ್ದ 9ರಲ್ಲಿ 0.8 ಕಳೆದರೆ 8.2. ಎರಡನ್ನೂ ಗುಣಿಸಿದರೆ 37.1 ಘನ ಮೀಟರ್, ಅಂದರೆ 37,100 ಲೀಟರ್. ಒರೆಹಚ್ಚಿ ನೋಡಬೇಕೆಂದರೆ ಉದ್ದದ ದಾರಿಯಲ್ಲೂ ಹೋಗಬಹುದು. ನಡುವಿನ ಸಿಲಿಂಡರ್ 6.6 ಮೀಟರ್ ಉದ್ದ, ಅದರಲ್ಲಿ 29.86 ಘನ ಮೀಟರ್. ಎರಡು ತುದಿ ಸೇರಿದ ಗೋಳದಲ್ಲಿ 7.24. ಕೂಡಿಸಿದರೆ ಅದೇ 37.1.

ಪ್ಲೇಟಿನ ದಪ್ಪ ಕಳೆಯದೆ ಹೊರಗಿನ ಅಳತೆಯನ್ನೇ ಸೂತ್ರಕ್ಕೆ ಹಾಕಿದ್ದರೆ 38,100 ಲೀಟರಿಗೂ ಸ್ವಲ್ಪ ಹೆಚ್ಚು ಬರುತ್ತಿತ್ತು. ಬೆರಳಗಲದ ಉಕ್ಕು ಸಾವಿರ ಲೀಟರಿನ ಲೆಕ್ಕ ಬದಲಿಸಿತು. ಇದಕ್ಕೆ ಕಾರಣ ತ್ರಿಜ್ಯ ಸೂತ್ರದಲ್ಲಿ ವರ್ಗವಾಗಿ ಕೂತಿರುವುದು. ಈ ಟ್ಯಾಂಕಿನಲ್ಲಿ ಉದ್ದವನ್ನು 1 ಸೆಂಟಿಮೀಟರ್ ತಪ್ಪಾಗಿ ಅಳೆದರೆ ಉತ್ತರ 45 ಲೀಟರಿನಷ್ಟು ಆಚೀಚೆಯಾಗುತ್ತದೆ. ತ್ರಿಜ್ಯವನ್ನು ಅದೇ 1 ಸೆಂಟಿಮೀಟರ್ ತಪ್ಪಿಸಿದರೆ ಸುಮಾರು 590 ಲೀಟರ್, ಅಂದರೆ 13 ಪಟ್ಟು. ಸುತ್ತಳತೆಯಿಂದ ತ್ರಿಜ್ಯ ಕಂಡುಹಿಡಿಯಿರಿ ಎಂದು ಒತ್ತಿ ಹೇಳುವುದು ಇದಕ್ಕೇ. ಸುತ್ತಳತೆಯಲ್ಲಿ 1 ಸೆಂಟಿಮೀಟರ್ ತಪ್ಪಿದರೂ ತ್ರಿಜ್ಯದಲ್ಲಿ ಅದು 1.6 ಮಿಲಿಮೀಟರಿಗೆ ಇಳಿಯುತ್ತದೆ, ಘನಫಲದಲ್ಲಿ 95 ಲೀಟರಿಗಿಂತ ಕಡಿಮೆ. ಬುಲೆಟ್ ಅಳೆಯಲು ಹೋಗುವವರು ಸಮಯವನ್ನೆಲ್ಲ ಉದ್ದಕ್ಕೆ ಕೊಡದೆ ಹೊಟ್ಟೆಯ ಸುತ್ತಳತೆಯನ್ನು ಎರಡು ಮೂರು ಕಡೆ ತೆಗೆದು ಸರಾಸರಿ ನೋಡುವುದು ಒಳ್ಳೆಯದು.

ಈಗ ಆ ಜಾಮೂನಿನ ತಪ್ಪನ್ನು ಇಲ್ಲಿ ಮಾಡಿ ನೋಡೋಣ. 9 ಮೀಟರ್ ಪೂರ್ತಿ ಸಿಲಿಂಡರ್ ಎಂದು ಹಿಡಿದು ಅದರ ಮೇಲೆ ಗೋಳವನ್ನೂ ಕೂಡಿಸಿದರೆ ಉತ್ತರ ಸುಮಾರು 48,000 ಲೀಟರ್. ನಿಜಕ್ಕಿಂತ ಹತ್ತಿರ ಹತ್ತಿರ 11,000 ಲೀಟರ್ ಹೆಚ್ಚು. ದ್ರವ ಅನಿಲದ ಟ್ಯಾಂಕನ್ನು ಪೂರ್ತಿ ತುಂಬುವಂತಿಲ್ಲ, ಸಾಮಾನ್ಯವಾಗಿ ಶೇ. 85ರ ಆಸುಪಾಸಿಗೆ ನಿಲ್ಲಿಸುತ್ತಾರೆ. 48,000 ಲೀಟರಿನ ಶೇ. 85 ಎಂದರೆ 40,800 ಲೀಟರ್. ನಮ್ಮ ಟ್ಯಾಂಕಿನಲ್ಲಿ ಇರುವುದೇ 37,100. ಸುರಕ್ಷಿತ ಮಿತಿ ಎಂದು ಕಾಗದದ ಮೇಲೆ ಬರೆದ ಅಂಕೆ ಟ್ಯಾಂಕಿಗಿಂತಲೇ ದೊಡ್ಡದಾಯಿತು.

ಈ ತಪ್ಪು ಅಷ್ಟು ದೊಡ್ಡದಾದ್ದರಿಂದ ಯಾರ ಕಣ್ಣಿಗಾದರೂ ಬೀಳುತ್ತದೆ. ನನಗೆ ಹೆಚ್ಚು ಅಪಾಯಕಾರಿ ಎನಿಸುವುದು ಅದರ ತಮ್ಮ. ತುದಿಯ ಉಬ್ಬನ್ನು ಮರೆತು, 9 ಮೀಟರಿನ ಚಪ್ಪಟೆ ಸಿಲಿಂಡರ್ ಎಂದು ಲೆಕ್ಕ ಹಾಕಿದರೆ 40,700 ಲೀಟರ್ ಬರುತ್ತದೆ. ನಂಬುವಂಥ ಅಂಕೆ. ಅದರ ಶೇ. 85 ಎಂದು 34,600 ಲೀಟರ್ ತುಂಬಿದರೆ ನಿಜವಾದ ಟ್ಯಾಂಕು ಶೇ. 93ರಷ್ಟು ತುಂಬಿರುತ್ತದೆ. ಬೆಳಗಿನ ತಂಪಿನಲ್ಲಿ ಏನೂ ಆಗುವುದಿಲ್ಲ. ಆದರೆ ದ್ರವ ಅನಿಲ ಬಿಸಿಗೆ ನೀರಿಗಿಂತ ಎಷ್ಟೋ ಪಟ್ಟು ಹೆಚ್ಚು ಹಿಗ್ಗುತ್ತದೆ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ಗಾತ್ರ ಶೇ. 2ರಿಂದ 3ರಷ್ಟು ಬೆಳೆಯುತ್ತದೆ. ಬಿಸಿಲಿಗೆ ಮೈ ಕಾದು ಒಳಗಿನ ದ್ರವ 25 ಡಿಗ್ರಿ ಏರಿದರೆ ಶೇ. 93 ಇದ್ದದ್ದು ಟ್ಯಾಂಕನ್ನು ಪೂರ್ತಿ ತುಂಬುವ ಹಂತಕ್ಕೆ ಬರುತ್ತದೆ. ಮೇಲೆ ಆವಿಗೆಂದು ಬಿಟ್ಟ ಜಾಗ ಮುಗಿದ ಮೇಲೆ ದ್ರವ ಇನ್ನೂ ಹಿಗ್ಗಿದರೆ ಅದನ್ನು ತಡೆಯುವುದು ಉಕ್ಕಿನ ಗೋಡೆ ಮಾತ್ರ. ಆಗ ಒತ್ತಡ ಒಮ್ಮೆಲೇ ಏರುತ್ತದೆ, ಸುರಕ್ಷತಾ ವಾಲ್ವು ತೆರೆದುಕೊಂಡು ದ್ರವವೇ ಹೊರಗೆ ಚಿಮ್ಮಬಹುದು.

ಮನೆಯ ಕೆಂಪು ಸಿಲಿಂಡರಿನಲ್ಲೂ ಈ ಖಾಲಿ ಜಾಗ ಇದೆ. ಅದರ ಒಳಗೆ ನೀರು ತುಂಬಿದರೆ 33.3 ಲೀಟರ್ ಹಿಡಿಯುತ್ತದೆ, ಆದರೆ ತುಂಬುವ ಅನಿಲ 14.2 ಕಿಲೋ. ದ್ರವವಾಗಿ ಅದು ಸುಮಾರು 26 ಲೀಟರ್. ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚೇ ಖಾಲಿ ಬಿಟ್ಟಿರುತ್ತಾರೆ. ನಮ್ಮ ಬುಲೆಟ್ಟಿನಲ್ಲಿ 37,100 ಲೀಟರಿನ ಶೇ. 85 ಎಂದರೆ 31,500 ಲೀಟರ್, ಒಂದು ಲೀಟರಿಗೆ 540 ಗ್ರಾಂನಂತೆ ಹಿಡಿದರೆ ಸುಮಾರು 17 ಟನ್ ಅನಿಲ.

ಇಷ್ಟು ಹೊತ್ತು ತುದಿಗಳು ಅರ್ಧಗೋಳ ಎಂದು ನಂಬಿಕೊಂಡು ಬಂದೆವು. ಎಲ್ಲ ಬುಲೆಟ್ಟುಗಳೂ ಹಾಗಿರುವುದಿಲ್ಲ. ದೊಡ್ಡ ಅರ್ಧಗೋಳವನ್ನು ಒಂದೇ ಪ್ಲೇಟಿನಿಂದ ಒತ್ತಿ ತೆಗೆಯುವುದು ಕಷ್ಟ. ಕಿತ್ತಳೆ ಸಿಪ್ಪೆಯಂಥ ಎಸಳುಗಳನ್ನು ಬಾಗಿಸಿ ಒಂದಕ್ಕೊಂದು ವೆಲ್ಡ್ ಮಾಡಬೇಕಾಗುತ್ತದೆ. ಆದ್ದರಿಂದ ಅನೇಕ ಕಡೆ ಇನ್ನೂ ಚಪ್ಪಟೆಯಾದ, ಮೊಟ್ಟೆಯನ್ನು ಒತ್ತಿದಂತೆ ಕಾಣುವ ತುದಿ ಹಾಕುತ್ತಾರೆ. ಕಾರ್ಖಾನೆಗಳಲ್ಲಿ ಇವನ್ನೆಲ್ಲ ಒಟ್ಟಾಗಿ ಡಿಶ್ ಎಂಡ್ ಎನ್ನುತ್ತಾರೆ. ಅವುಗಳಲ್ಲಿ ಹೆಚ್ಚು ಬಳಕೆಯ ಒಂದು ಬಗೆ ದೀರ್ಘವೃತ್ತದ ತುದಿ. ಅದರ ಆಳ ತ್ರಿಜ್ಯದ ಅರ್ಧ.

ದೂರದಿಂದ ನೋಡಿ ಎರಡನ್ನೂ ಬೇರ್ಪಡಿಸಲು ಕಣ್ಣಳತೆ ನೆಚ್ಚಬಾರದು. ಹತ್ತಿರ ಹೋಗಿ ಒಂದು ನೇರ ಪಟ್ಟಿಯನ್ನು ಶೆಲ್ಲಿನ ಮೈಗೆ ಉದ್ದುದ್ದ ಒತ್ತಿಹಿಡಿದು ತುದಿಯ ಕಡೆ ಸರಿಸಿ. ಪಟ್ಟಿಗೂ ಮೈಗೂ ನಡುವೆ ಬೆಳಕು ಕಾಣಲು ಶುರುವಾಗುವ ಜಾಗದಲ್ಲಿ ಬಾಗು ಆರಂಭವಾಗಿದೆ. ಅಲ್ಲಿಂದ ತುದಿಯವರೆಗಿನ ಅಡ್ಡ ದೂರ ತ್ರಿಜ್ಯದಷ್ಟೇ ಬಂದರೆ ಅದು ಅರ್ಧಗೋಳ. ನಮ್ಮ ಟ್ಯಾಂಕಿನಲ್ಲಿ ಅದು 1.2 ಮೀಟರ್ ಬರಬೇಕು. 60 ಸೆಂಟಿಮೀಟರ್ ಬಂದರೆ ಅದು ದೀರ್ಘವೃತ್ತದ ತುದಿ, ಆಗ ಸೂತ್ರವೂ ಬೇರೆ:

V = πr²(L − r/3)

ಇಲ್ಲೂ ತತ್ವ ಹಿಂದಿನದೇ. ಪ್ರತಿ ತುದಿಯೂ ತನ್ನ ಆಳದ ಮೂರನೇ ಒಂದು ಭಾಗವನ್ನು ನುಂಗುತ್ತದೆ. ಆಳ ಅರ್ಧವಾದ್ದರಿಂದ ನಷ್ಟವೂ ಅರ್ಧ. ಅದೇ 9 ಮೀಟರ್ ಉದ್ದ, 1.2 ಮೀಟರ್ ತ್ರಿಜ್ಯದ ಟ್ಯಾಂಕಿಗೆ ಇಂಥ ತುದಿಗಳಿದ್ದರೆ 38,900 ಲೀಟರ್ ಹಿಡಿಯುತ್ತದೆ, ಅರ್ಧಗೋಳದ ಟ್ಯಾಂಕಿಗಿಂತ 1,800 ಲೀಟರ್ ಹೆಚ್ಚು.

ವೆಲ್ಡಿಂಗ್ ಗೆರೆಯಿಂದ ಬಾಗು ಶುರುವಾಗುತ್ತದೆ ಎಂದು ಭಾವಿಸುವುದು ಇನ್ನೊಂದು ಎಡವಟ್ಟು. ಒತ್ತಿ ಮಾಡಿದ ತುದಿಗಳಿಗೆ ಬಾಗು ಆರಂಭವಾಗುವ ಮೊದಲು ಒಂದೆರಡು ಇಂಚಿನ ನೇರ ಅಂಚು ಬಿಟ್ಟಿರುತ್ತಾರೆ, ಶೆಲ್ಲಿಗೆ ಕೂಡಿಸಿ ವೆಲ್ಡ್ ಮಾಡಲು ಅನುಕೂಲವಾಗಲಿ ಎಂದು. ಒಂದು ವೆಲ್ಡಿನಿಂದ ಇನ್ನೊಂದು ವೆಲ್ಡಿಗೆ ಅಳೆದು ಅದನ್ನೇ ಸಿಲಿಂಡರಿನ ಉದ್ದ ಎಂದುಕೊಂಡವರು ಈ ನೇರ ಅಂಚನ್ನು ಬಿಟ್ಟುಬಿಡುತ್ತಾರೆ. ಒಟ್ಟು ಉದ್ದದಿಂದ ಲೆಕ್ಕ ಹಾಕುವವರಿಗೆ ಈ ತೊಡಕಿಲ್ಲ. ನೇರ ಅಂಚು ಯಾವ ಪ್ಲೇಟಿಗೆ ಸೇರಿದ್ದರೇನು, ಆಕಾರದಲ್ಲಿ ಅದೂ ಸಿಲಿಂಡರೇ. L − 2r/3 ಎಂಬ ಸೂತ್ರಕ್ಕೆ ವೆಲ್ಡ್ ಎಲ್ಲಿದೆ ಎಂಬುದೇ ಬೇಕಾಗಿಲ್ಲ. ಒಟ್ಟು ಉದ್ದವನ್ನು ಸರಿಯಾಗಿ ಬಳಸಿದರೆ ಅದರಷ್ಟು ನಂಬಿಕೆಯ ಅಳತೆ ಬೇರೆ ಇಲ್ಲ ಎಂದು ನಾನು ಹೇಳುವುದು ಇದಕ್ಕಾಗಿ.

ಟ್ಯಾಂಕು ಅರ್ಧಂಬರ್ಧ ತುಂಬಿದ್ದಾಗ ಏನು ಮಾಡಬೇಕು? ದಿನನಿತ್ಯ ಕೇಳಬೇಕಾಗಿ ಬರುವ ಪ್ರಶ್ನೆ ಇದೇ. ಮಲಗಿದ ಟ್ಯಾಂಕಿನಲ್ಲಿ ದ್ರವದ ಎತ್ತರ ನಾಲ್ಕನೇ ಒಂದು ಭಾಗಕ್ಕೆ ಬಂದರೆ ಟ್ಯಾಂಕಿನಲ್ಲಿ ನಾಲ್ಕನೇ ಒಂದು ಪಾಲು ಇದೆ ಎಂದರ್ಥವಲ್ಲ. ತಳದಲ್ಲಿ ಟ್ಯಾಂಕು ಕಿರಿದಾಗಿದೆ, ನಡುವೆ ಅಗಲವಾಗಿದೆ. ಇಲ್ಲೂ ಎರಡು ಅರ್ಧಗೋಳಗಳನ್ನು ಮನಸ್ಸಿನಲ್ಲೇ ಜೋಡಿಸಿ ಒಂದು ಗೋಳ ಮಾಡಿಕೊಂಡರೆ ಕೆಲಸ ಹಗುರ. ಎರಡು ತುದಿಗಳಲ್ಲಿರುವ ದ್ರವ ಒಟ್ಟಾಗಿ ಅದೇ ಎತ್ತರಕ್ಕೆ ತುಂಬಿದ ಒಂದು ಗೋಳದಲ್ಲಿರುವಷ್ಟೇ. ದ್ರವದ ಎತ್ತರ h ಆದರೆ ಗೋಳದ ಪಾಲು πh²(3r − h)/3. ನಡುವಿನ ಸಿಲಿಂಡರಿನ ಪಾಲಿಗೆ ವೃತ್ತದ ಕೆಳತುಂಡಿನ ವಿಸ್ತೀರ್ಣ ಬೇಕು, ಅದನ್ನು ಕೋಷ್ಟಕ ನೋಡಿಯೋ ಕ್ಯಾಲ್ಕುಲೇಟರಿನಲ್ಲೋ ತೆಗೆಯುತ್ತಾರೆ.

ನಮ್ಮ ಟ್ಯಾಂಕಿನ ವ್ಯಾಸ 2.4 ಮೀಟರ್. ದ್ರವ 60 ಸೆಂಟಿಮೀಟರ್ ಎತ್ತರ ಇದ್ದಾಗ ಸಿಲಿಂಡರ್ ಭಾಗ ಶೇ. 19.6ರಷ್ಟು ತುಂಬಿರುತ್ತದೆ, ತುದಿಗಳು ಶೇ. 15.6ರಷ್ಟು ಮಾತ್ರ. ಒಟ್ಟು ಸುಮಾರು 6,970 ಲೀಟರ್, ಟ್ಯಾಂಕಿನ ಶೇ. 19ಕ್ಕೂ ಸ್ವಲ್ಪ ಕಡಿಮೆ. ಕಾಲು ಭಾಗ ಎಂದು 9,270 ಲೀಟರ್ ಬರೆದುಕೊಂಡವರ ದಾಸ್ತಾನಿನಲ್ಲಿ 2,300 ಲೀಟರ್ ಇಲ್ಲದ್ದು ಸೇರಿಕೊಂಡಿತು. ಎತ್ತರ ಸರಿಯಾಗಿ ನಡುವಿಗೆ ಬಂದಾಗ ಮಾತ್ರ ಅರ್ಧ ಎಂದರೆ ಅರ್ಧ. ಅಲ್ಲಿಂದ ಮೇಲೆ ಲೆಕ್ಕ ಉಲ್ಟಾ ಆಗುತ್ತದೆ, ಎತ್ತರಕ್ಕಿಂತ ಘನಫಲ ಮುಂದೆ ಓಡುತ್ತದೆ. ತುಂಬುವ ಮಿತಿ ಶೇ. 85 ಎಂಬುದು ಘನಫಲದ ಮಾತು. ಈ ಟ್ಯಾಂಕಿನಲ್ಲಿ ದ್ರವ ಸುಮಾರು 1.88 ಮೀಟರಿಗೆ ಬಂದಾಗಲೇ ಆ ಮಿತಿ ಮುಟ್ಟುತ್ತದೆ. ಎತ್ತರದ ಶೇ. 85, ಅಂದರೆ 2.04 ಮೀಟರಿನವರೆಗೆ ತುಂಬಿದರೆ ಟ್ಯಾಂಕು ಶೇ. 91 ತುಂಬಿರುತ್ತದೆ. ಆದ್ದರಿಂದ ಗೇಜಿನ ಮುಖದ ಮೇಲಿರುವ ಅಂಕೆ ಎತ್ತರದ ಶೇಕಡಾವಾರೋ ಘನಫಲದ ಶೇಕಡಾವಾರೋ ಎಂಬುದನ್ನು ಮೊದಲ ದಿನವೇ ಕೇಳಿ ತಿಳಿದುಕೊಳ್ಳಬೇಕು.

ಸೂತ್ರದ ಉತ್ತರ ನಿಜವೇ ಎಂದು ನೋಡಲು ಒಂದು ಸಂದರ್ಭ ತಾನಾಗಿ ಒದಗುತ್ತದೆ. ಹೊಸ ಟ್ಯಾಂಕನ್ನು ಬಳಕೆಗೆ ತರುವ ಮೊದಲು ಅದಕ್ಕೆ ಪೂರ್ತಿ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚಿನ ಒತ್ತಡ ಕೊಟ್ಟು ಪರೀಕ್ಷಿಸುತ್ತಾರೆ. ನೀರು ತುಂಬುವ ಕೊಳವೆಗೆ ಮೀಟರ್ ಹಾಕಿದರೆ ಎಷ್ಟು ಲೀಟರ್ ಹಿಡಿಯಿತು ಎಂದು ನೇರವಾಗಿ ಗೊತ್ತಾಗುತ್ತದೆ. ಟ್ಯಾಂಕಿನ ನಾಮಫಲಕದಲ್ಲಿ ಬರೆಯುವ ವಾಟರ್ ಕೆಪ್ಯಾಸಿಟಿ ಎಂಬುದು ಹೀಗೆ ಪೂರ್ತಿ ನೀರು ತುಂಬಿದರೆ ಹಿಡಿಯುವಷ್ಟು, ತುಂಬಬಹುದಾದ ಅನಿಲದ ಮಿತಿಯಲ್ಲ. ನಮ್ಮ ಟ್ಯಾಂಕಿಗೆ ಆ ದಿನ 37 ಟನ್ ನೀರು ಬೀಳುತ್ತದೆ, ಅನಿಲ ತುಂಬಿದಾಗಿನ ಭಾರದ ಎರಡು ಪಟ್ಟಿಗಿಂತ ಹೆಚ್ಚು. ಕೆಳಗಿನ ಕಾಂಕ್ರೀಟ್ ಕಟ್ಟೆಗಳನ್ನು ಈ ಭಾರಕ್ಕೆ ತಕ್ಕಂತೆಯೇ ಕಟ್ಟಿರಬೇಕು. ಮೀಟರಿನ ಅಂಕೆಗೂ ಸೂತ್ರದ ಉತ್ತರಕ್ಕೂ ನೂರು ಇನ್ನೂರು ಲೀಟರ್ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಿಲ್ಲ. ಶೆಲ್ ಪೂರ್ತಿ ದುಂಡಗಿರುವುದಿಲ್ಲ, ಒಳಗೆ ಕೊಳವೆಗಳಿರುತ್ತವೆ, ಮೀಟರಿನದೂ ಒಂದಿಷ್ಟು ತಪ್ಪಿರುತ್ತದೆ. ಸಾವಿರದ ಆಸುಪಾಸು ಬಂದರೆ ಹೊರಗಿನ ಅಳತೆ ಸೇರಿಕೊಂಡಿತೇ ಎಂದು ನೋಡಬೇಕು. 1,800 ಬಂದರೆ ತುದಿಯ ಆಕಾರವನ್ನು ಮತ್ತೊಮ್ಮೆ ಅಳೆಯಬೇಕು. 3,600 ಲೀಟರ್ ಬಂದರೆ ಯಾರೋ 2r/3 ಕಳೆಯುವುದನ್ನೇ ಮರೆತಿದ್ದಾರೆ.